ಮನೆ ಬಾಡಿಗೆ ಭತ್ಯೆ ಎಚ್‌ಆರ್‌ಎ ಪೂರ್ತಿ ತೆರಿಗೆಮುಕ್ತವೇ?

"ಬಾಡಿಗೆ ಮನೆಯಲ್ಲಿದ್ದರೆ ಸಾಕು, ಎಚ್‌ಆರ್‌ಎ ಪೂರ್ತಿ ತೆರಿಗೆ ಇಲ್ಲ. ಪರೀಕ್ಷೆಯಲ್ಲೂ ಹಾಗೇ ಬರೆಯಿರಿ."

ಸತ್ಯಾಂಶ: ಹಾಗೆ ಬರೆದರೆ ಅಂಕ ಹೋಗುತ್ತದೆ. ಹಳೆ ತೆರಿಗೆ ಪದ್ಧತಿಯಲ್ಲಿ ಮೂರು ಮೊತ್ತ ಹಾಕಿ, ಅದರಲ್ಲಿ ಕಡಿಮೆ ಇರುವುದಕ್ಕಷ್ಟೇ ವಿನಾಯಿತಿ. ಹೊಸ ಪದ್ಧತಿಯಲ್ಲಿ ಅದೂ ಇಲ್ಲ.

ಮೈಸೂರಿನ ಒಬ್ಬ ನೌಕರರ ಲೆಕ್ಕ ನೋಡೋಣ. ತಿಂಗಳಿಗೆ ಮೂಲ ವೇತನ 30,000, ತುಟ್ಟಿಭತ್ಯೆ ಅಂದರೆ ಡಿಎ 5,000, ಎಚ್‌ಆರ್‌ಎ 12,000, ಬಾಡಿಗೆ 11,000 ರೂಪಾಯಿ. ಈ ಡಿಎ ನಿವೃತ್ತಿ ಸೌಲಭ್ಯದ ಲೆಕ್ಕಕ್ಕೆ ಸೇರುತ್ತದೆ ಅಂದುಕೊಳ್ಳಿ. ಆಗ ವರ್ಷದ ಸಂಬಳ 4,20,000.

ಕೈಗೆ ಬಂದ ಎಚ್‌ಆರ್‌ಎ 1,44,000. ಮೈಸೂರಿಗೆ ಸಂಬಳದ 40%, ಅಂದರೆ 1,68,000. ಇನ್ನು ಬಾಡಿಗೆ 1,32,000ದಲ್ಲಿ ಸಂಬಳದ 10%, ಅಂದರೆ 42,000 ಕಳೆದರೆ 90,000. ಇದೇ ಕಡಿಮೆ, ಹಾಗಾಗಿ ವಿನಾಯಿತಿ 90,000. ಉಳಿದ 54,000ಕ್ಕೆ ತೆರಿಗೆ ಉಂಟು. ಕೆಲವರು ಇಲ್ಲಿ 90,000ವನ್ನೇ ತೆರಿಗೆ ಬೀಳುವ ಮೊತ್ತ ಅಂತ ಬರೆದು ಬರ್ತಾರೆ, ಲೆಕ್ಕ ಸರಿ ಮಾಡಿಯೂ!

ಜಾಸ್ತಿ ಜನ ಎಡವುವುದು 'ಸಂಬಳ' ಅನ್ನುವ ಪದದಲ್ಲಿ. ಬೋನಸ್, ಬೇರೆ ಭತ್ಯೆಗಳನ್ನೆಲ್ಲ ಸುಮ್ನೆ ಕೂಡಿಸಬೇಡಿ. ಡಿಎಯನ್ನೂ ನಿವೃತ್ತಿ ಸೌಲಭ್ಯಕ್ಕೆ ಸೇರುತ್ತದೆ ಅಂತ ಪ್ರಶ್ನೆ ಹೇಳಿದರೆ ಮಾತ್ರ ಸೇರಿಸಿ. ಸೇರದಿದ್ದರೆ ಇದೇ ನೌಕರರ ಸಂಬಳ 3,60,000ಕ್ಕೆ ಇಳಿಯುತ್ತದೆ, ವಿನಾಯಿತಿ ಮಾತ್ರ 96,000ಕ್ಕೆ ಏರುತ್ತದೆ. ವಿಚಿತ್ರ ಅಲ್ವಾ? ಬಾಡಿಗೆಯಿಂದ ಕಳೆಯುವ 10% ಕಡಿಮೆಯಾಯಿತು, ಅಷ್ಟೇ.

ವರ್ಷದ ನಡುವೆ ಬಾಡಿಗೆಯೋ ಸಂಬಳವೋ ಬದಲಾಗಿದ್ದರೆ, ಆ ತಿಂಗಳುಗಳಿಗೆ ಬೇರೆಯಾಗಿಯೇ ಲೆಕ್ಕ ಹಾಕಿ.