ಬ್ಯಾಲೆನ್ಸ್ ಸರ್ಟಿಫಿಕೇಟು: ಊರಲ್ಲಿ ಮಡಚಿ ಜೇಬಿಗೆ, ಇಲ್ಲಿ ಕೌಂಟರಲ್ಲೇ ಓದು

ಊರಲ್ಲಿದ್ದಾಗ ಬ್ಯಾಂಕಿಂದ ಯಾವ ಲೆಟರ್ ತಗೊಂಡ್ರೂ ನಾನು ನೋಡ್ತಿದ್ದದ್ದು ಸೀಲು ಬಿದ್ದಿದ್ಯಾ ಇಲ್ವಾ ಅಂತ ಅಷ್ಟೇ, ಬಿದ್ದಿದ್ರೆ ಮಡಚಿ ಜೇಬಿಗೆ. ಹೊರದೇಶಕ್ಕೆ ಬಂದ್ಮೇಲೆ ಮೊದಲನೇ ಸಲ, ಖಾತೇಲಿ ಇಷ್ಟು ದುಡ್ಡಿದೆ ಅಂತ ಬ್ಯಾಂಕು ಬರೆದುಕೊಡೋ ಬ್ಯಾಲೆನ್ಸ್ ಸರ್ಟಿಫಿಕೇಟ್ ತಗೊಳ್ಳೋಕೆ ಹೋದಾಗ ಕೌಂಟರಲ್ಲಿದ್ದ ಹುಡುಗಿ ಕಾಗದಾನ ನನ್ ಕಡೆ ತಿರುಗಿಸಿ, ಪೆನ್ನಿನ ತುದಿ ಇಟ್ಟು ಒಂದೊಂದ್ ಸಾಲೂ ಓದಿಸಿದ್ಲು. ಆವತ್ತು ಏನಪ್ಪ ಇವ್ಳ ಕಾಟ ಅನ್ಸಿತ್ತು.

ಮೊನ್ನೆ ಅಕ್ಕನ ಮಗ ಹೊರದೇಶದ ಯೂನಿವರ್ಸಿಟಿಗೆ ಹಾಕ್ಬೇಕು ಅಂತ ಊರಿನ ಬ್ರ್ಯಾಂಚಿಂದ ತಂದ ಸರ್ಟಿಫಿಕೇಟಿನ ಫೋಟೋ ಕಳಿಸ್ದ. 'ಮಾಮ, ಅಪ್‌ಲೋಡ್ ಮಾಡ್ಲಾ?' ಅಂದ. ತಡಿ ಮಾರಾಯ ಅಂದು ಜೂಮ್ ಮಾಡಿ ನೋಡ್ತೀನಿ, ಸೇವಿಂಗ್ಸಲ್ಲಿ 4,36,210, ಎಫ್‌ಡಿ 14,00,000, ಒಟ್ಟು 18,36,210, ಕೂಡಿದ್ರೆ ಸರಿಯಾಗೇ ಇದೆ. ಆದ್ರೆ ಪಕ್ಕದಲ್ಲಿ ಅಕ್ಷರದಲ್ಲಿ ಬರೆದಿರೋದು ಹದಿನೆಂಟು ಲಕ್ಷದ ಅರವತ್ಮೂರು ಸಾವಿರ! 36 ಹೋಗಿ 63 ಆಗಿದೆ. ಭಾವ ಅಂದ್ರು, ಚೆಕ್ಕಲ್ಲಿ ಅಕ್ಷರದಲ್ಲಿರೋದೇ ಲೆಕ್ಕಕ್ಕೆ ಬರತ್ತಲ್ವಾ, ನಡಿಯತ್ತೆ ಬಿಡು ಅಂತ. ಚೆಕ್ಕಿಗೆ ಹೌದು, 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಆಕ್ಟಲ್ಲೇ ಹಾಗಿದೆ, ಆದ್ರೆ ಇದು ಚೆಕ್ಕಲ್ಲ, ಇದನ್ನ ನೋಡೋ ಆಫೀಸಿನವ್ರು ಯಾವ್ದು ನಿಜ ಅಂತ ತೀರ್ಮಾನ ಮಾಡೋಕೆ ಕೂತಿರಲ್ಲ, ವಾಪಸ್ ಕಳಿಸ್ತಾರೆ. ಇನ್ನೊಂದು, ನಮ್ಮ ಲಕ್ಷದ ಕಾಮಾ ಹೊರಗಿನವ್ರಿಗೆ ಅರ್ಥ ಆಗಲ್ಲ, 18,36,210 ನೋಡಿ ಟೈಪಿಂಗ್ ತಪ್ಪು ಅಂದ್ಕೊಳ್ಳೋರೂ ಇದಾರೆ, ಅದಕ್ಕೇ ಅಕ್ಷರದ ಸಾಲು ಸರಿ ಇರ್ಲೇಬೇಕು.

ಡೇಟ್ ವಿಷಯ ಇನ್ನೂ ಸೂಕ್ಷ್ಮ. ಕಾಗದದಲ್ಲಿ ಎರಡು ಡೇಟ್ ಇರತ್ತೆ, ಲೆಟರ್ ಕೊಟ್ಟ ದಿನ ಒಂದು, ಬ್ಯಾಲೆನ್ಸ್ ಯಾವ ದಿನದ್ದು ಅನ್ನೋದು ಇನ್ನೊಂದು. ನಮ್ ಹುಡುಗನ ಲೆಟರ್ 7ನೇ ತಾರೀಖಿಂದು, ಬ್ಯಾಲೆನ್ಸ್ ಮಾತ್ರ 05/06ರದ್ದು. ಮಧ್ಯೆ 6ನೇ ತಾರೀಖು ಸೇವಿಂಗ್ಸಿಂದ ಕೋಚಿಂಗ್ ಫೀಸ್ ಕಟ್ಟಿದಾರೆ, ಜೊತೆಗೆ ಇಟ್ಟಿರೋ ಸ್ಟೇಟ್‌ಮೆಂಟು 7ರವರೆಗಿಂದು, ಹಾಗಾಗಿ ಕೊನೇ ಸಾಲಲ್ಲಿ ದುಡ್ಡು ಕಮ್ಮಿ. ಯಾರೂ ಸುಳ್ಳು ಹೇಳಿಲ್ಲ, ಆದ್ರೂ ಪಕ್ಕಪಕ್ಕ ಇಟ್ರೆ ಎರಡು ಕಾಗದ ಜಗಳ ಆಡ್ತವೆ. ಮೇಲಿಂದ 05/06 ಅಂದ್ರೆ ನಮಗೆ ಜೂನ್ 5, ತಿಂಗಳು ಮೊದಲು ಬರೆಯೋರಿಗೆ ಮೇ 6. ತಿಂಗಳನ್ನ ಅಕ್ಷರದಲ್ಲಿ ಹಾಕ್ಸು, ಎರಡೂ ಕಾಗದ ಒಂದೇ ದಿನದ ಲೆಕ್ಕಕ್ಕೆ ನಿಲ್ಸು ಅಂದೆ. (ಯುಕೆ ಸ್ಟೂಡೆಂಟ್ ವೀಸಾದ ಥರ 28 ದಿನ ದುಡ್ಡು ಬೇಕಾದಷ್ಟಕ್ಕಿಂತ ಕೆಳಗೆ ಇಳಿಯದೆ ಇದ್ದಿರ್ಬೇಕು ಅನ್ನೋ ಕಡೆ ಒಂದು ದಿನದ ಬ್ಯಾಲೆನ್ಸ್ ಹೇಳೋ ಲೆಟರ್ ಸಾಕಾಗಲ್ಲ, ಅದು ಬೇರೆ ಕಥೆ.)

ಸೈನು? ಒಂದು ಗೀಚು, ಮೇಲೆ ದುಂಡು ಸೀಲು. ಹೆಸರಿಲ್ಲ, ಹುದ್ದೆ ಇಲ್ಲ. ಊರಲ್ಲಿ ಆ ಗೀಚು ಯಾರದ್ದು ಅಂತ ಎಲ್ರಿಗೂ ಗೊತ್ತು, ವೆರಿಫೈ ಮಾಡೋಕೆ ಮೇಲ್ ಹಾಕೋ ಪರದೇಶದವ್ನಿಗೆ ಹೇಗ್ ಗೊತ್ತಾಗ್ಬೇಕು? ಹೆಸರು, ಹುದ್ದೆ, ಎಂಪ್ಲಾಯಿ ನಂಬರ್, ಬ್ರ್ಯಾಂಚಿನ ಫೋನು ಮೇಲ್ ಐಡಿ ಇರ್ಬೇಕು.

ನಂಗೆ ನಿಜವಾಗ್ಲೂ ನಗು ಬಂದಿದ್ದು ಉದ್ದೇಶದ ಸಾಲು ನೋಡಿ. ಹುಡುಗ ಕೊಡ್ತಿರೋದು ಯೂನಿವರ್ಸಿಟಿ ಅಡ್ಮಿಷನ್‌ಗೆ, ಅಲ್ಲಿ ಬರೆದಿರೋದು 'ಟೂರಿಸ್ಟ್ ವೀಸಾ ಸಲುವಾಗಿ ಮಾತ್ರ' ಅಂತ. ಹಿಂದೆ ಯಾರಿಗೋ ಕೊಟ್ಟ ಲೆಟರಿನ ಫೈಲ್ ತೆಗ್ದು, ಹೆಸರು ದುಡ್ಡು ಬದಲಾಯಿಸಿ ಪ್ರಿಂಟ್ ಕೊಟ್ಟಿದಾರೆ, ಕೊನೇ ಸಾಲು ಹಾಗೇ ಉಳ್ಕೊಂಡಿದೆ. 'ಮಾತ್ರ' ಅನ್ನೋ ಪದ ಇದ್ರೆ ಬೇರೆ ಕಡೆ ಅದನ್ನ ಒಪ್ಪದೇ ಇರೋಕೆ ಅಷ್ಟೇ ಸಾಕು. ಅದರ ಕೆಳಗೆ, ಬ್ಯಾಂಕಿಗಾಗ್ಲಿ ಅಧಿಕಾರಿಗಳಿಗಾಗ್ಲಿ ಯಾವ ಹೊಣೆ ಇಲ್ಲ ಅಂತ ಒಂದು ಸಾಲಿತ್ತು, ಅಕ್ಕ ಅದನ್ನ ಓದಿ ಗಾಬರಿ ಆಗಿದ್ಲು. ಅದು ಮಾಮೂಲಿ, ತೆಗಿಸೋಕೆ ಹೋಗ್ಬೇಡ ಅಂದೆ.

ಮ್ಯಾನೇಜರ್ರು ಪೆನ್ನಲ್ಲಿ ತಿದ್ದಿ ಪಕ್ಕದಲ್ಲಿ ಚಿಕ್ಕ ಸೈನ್ ಹಾಕ್ಕೊಡ್ತೀನಿ ಅಂದ್ರಂತೆ, ಬೇಡ ಸಾರ್ ಹೊಸ ಪ್ರಿಂಟೇ ಕೊಡಿ ಅಂತ ಕೇಳು ಅಂದೆ. ನಗ್ತಾ ಹದಿನೈದು ನಿಮಿಷದಲ್ಲಿ ಕೊಟ್ರು.

ಇದನ್ನ ನಮ್ಮವ್ರ ಪರವಾಗಿ ಹೇಳ್ಲೇಬೇಕು. ಇಲ್ಲಿ ಈಗ ಎಲ್ಲ ಪೋರ್ಟಲ್ಲು, ಓದಿಸೋ ಹುಡುಗೀನೂ ಇಲ್ಲ. ಉದ್ದೇಶ ಅನ್ನೋ ಕಡೆ ನಾಲ್ಕೇ ಆಯ್ಕೆ, ನನ್ನದು ಯಾವ್ದಕ್ಕೂ ಹೊಂದದೆ 'ಇತರೆ' ಒತ್ತಿದೆ, ಲೆಟರಲ್ಲಿ 'ಇತರೆ ಉದ್ದೇಶಕ್ಕಾಗಿ' ಅಂತಾನೇ ಬಂತು, ಕೊಟ್ಟ ಕಡೆ ತಗೊಳ್ಲಿಲ್ಲ. ಬದಲಾಯ್ಸಿ ಅಂತ ಕೇಳೋಣ ಅಂದ್ರೆ ಮನುಷ್ಯರೇ ಸಿಗಲ್ಲ, ಮತ್ತೆ ಅರ್ಜಿ ಹಾಕಿ ಐದು ದಿನ ಕಾದೆ, ಅಷ್ಟರಲ್ಲಿ ಬ್ಯಾಲೆನ್ಸಿನ ಡೇಟೂ ಬದಲಾಗಿ ಸ್ಟೇಟ್‌ಮೆಂಟೂ ಹೊಸದಾಗಿ ತೆಗಿಬೇಕಾಯ್ತು.