ಆರು ಜನರ ಡಿಸೈನ್ ಆಫೀಸಿಗೆ ಪಿಡಿಎಂ ವಾಲ್ಟ್ ಬೇಕೆ?

ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಫಿಕ್ಸ್ಚರ್ ಡಿಸೈನ್ ಮಾಡುವ ಒಂದು ಆಫೀಸು ಎಂದಿಟ್ಟುಕೊಳ್ಳಿ. ಆರು ಜನ, ಎಲ್ಲರೂ ಡಿಸೈನ್ ಮಾಡುವುದು ಸಾಲಿಡ್‌ವರ್ಕ್ಸ್ ಸಾಫ್ಟ್‌ವೇರಿನಲ್ಲಿ, ಫೈಲುಗಳೆಲ್ಲ ಸರ್ವರಿನ ಒಂದೇ ಶೇರ್ಡ್ ಫೋಲ್ಡರಿನಲ್ಲಿ. ಡಿಸೈನ್ ಫೈಲುಗಳನ್ನು ಒಂದೆಡೆ ಇಟ್ಟು, ಯಾರು ಯಾವುದನ್ನು ತಿದ್ದುತ್ತಿದ್ದಾರೆ ಎಂದು ಲೆಕ್ಕ ಇಡುವ ಪಿಡಿಎಂ ವಾಲ್ಟ್ ಹಾಕಬೇಕೆ, ಇರುವ ಫೋಲ್ಡರನ್ನೇ ಸರಿಮಾಡಿಕೊಂಡರೆ ಸಾಕೆ?

ಪರ: ಬೀಗ ಇರಲೇಬೇಕು

3 ಮಿ.ಮೀ. ಶೀಟಿನ ಒಂದು ಬ್ರಾಕೆಟ್, `BRK-117`. ಎಂ6 ಬೋಲ್ಟಿಗೆ 6.6 ಮಿ.ಮೀ. ತೂತು. ಬೋಲ್ಟ್ ಎಂ8 ಆಗಬೇಕೆಂದು ತೀರ್ಮಾನವಾಯಿತು, ತೂತು 9 ಆಗಬೇಕು. ತಿದ್ದಲು ಕೂತವರಿಗೆ ಫೈಲು ರೀಡ್-ಓನ್ಲಿ ಎಂದು ಬರುತ್ತದೆ. ಪಕ್ಕದವರು ಅದನ್ನು ತೆರೆದಿಟ್ಟು ಊಟಕ್ಕೆ ಹೋಗಿದ್ದಾರೆ. ಕಾಯುವುದೇಕೆ ಎಂದು ಇವರು ಆ ಬ್ರಾಕೆಟ್ ಇರುವ ಅಸೆಂಬ್ಲಿಯನ್ನೂ ತೆರೆದಿಟ್ಟುಕೊಂಡೇ `Save As` ಒತ್ತಿ `BRK-117_new.SLDPRT` ಮಾಡುತ್ತಾರೆ.

ಎಡವಟ್ಟು ಶುರುವಾಗುವುದು ಇಲ್ಲೇ. ತೆರೆದಿದ್ದ ಅಸೆಂಬ್ಲಿ ಹೊಸ ಫೈಲಿಗೆ ಅಂಟಿಕೊಳ್ಳುತ್ತದೆ. ಮುಚ್ಚಿದ್ದ ಡ್ರಾಯಿಂಗ್ ಹಳೆಯದನ್ನೇ ಹಿಡಿದಿರುತ್ತದೆ. ಸ್ಕ್ರೀನಿನ ಮೇಲೆ ಬೋಲ್ಟ್ ಸಲೀಸಾಗಿ ಕೂರುತ್ತದೆ, ಲೇಸರ್ ಕಟಿಂಗಿಗೆ ಮಾತ್ರ 6.6ರ ಡ್ರಾಯಿಂಗೇ ಹೋಗುತ್ತದೆ. ಡ್ರಾಯಿಂಗಿನಲ್ಲಿ `Find References` ತೆರೆದರೆ ಅದು ಯಾವ ಫೈಲನ್ನು ಹಿಡಿದಿದೆ ಎಂದು ಗೊತ್ತಾಗುತ್ತದೆ. ಆದರೆ ಅನುಮಾನ ಬರುವ ತನಕ ಅದನ್ನು ತೆರೆಯುವವರು ಯಾರು?

ವಾಲ್ಟಿನಲ್ಲಿ ಫೈಲನ್ನು ಚೆಕ್‌ಔಟ್ ಮಾಡದೆ, ಎಂದರೆ ತಮ್ಮ ಹೆಸರಿಗೆ ಪಡೆಯದೆ, ತಿದ್ದಲಾಗದು. ಯಾರ ಕೈಯಲ್ಲಿದೆ ಎಂಬುದು ಎಲ್ಲರಿಗೂ ಕಾಣುತ್ತದೆ, ಊಟಕ್ಕೆ ಹೋದವರಿಗೆ ಒಂದು ಫೋನ್ ಮಾಡಿದರೆ ಮುಗಿಯಿತು. ತಿದ್ದಿ ವಾಪಸ್ ಇಡುವ ಪ್ರತಿ ಚೆಕ್‌ಇನ್ ಒಂದು ವರ್ಷನ್. ಅದು ಆಫೀಸಿನೊಳಗಿನ ಲೆಕ್ಕ. ಹೊರಗೆ ಹೋಗುವುದು ರಿವಿಷನ್. ಕೆಲಸ ನಡೆಯುತ್ತಿದೆ, ಪರಿಶೀಲನೆಯಲ್ಲಿದೆ, ರಿಲೀಸ್ ಆಗಿದೆ ಎಂಬ ಮೂರು ಹಂತ ಇಂಥ ಆಫೀಸಿಗೆ ಸಾಕು. ರಿಲೀಸ್ ಆಗುವಾಗ ರಿವಿಷನ್ ಅಕ್ಷರ ಎ ಹೋಗಿ ಬಿ ತಾನಾಗಿ ಬೀಳುವಂತೆ, ಫೈಲು ಆ ಕ್ಷಣವೇ ರೀಡ್-ಓನ್ಲಿ ಆಗುವಂತೆ ವರ್ಕ್‌ಫ್ಲೋ ಕಟ್ಟಬಹುದು. ಡ್ರಾಯಿಂಗಿನ ಟೈಟಲ್ ಬ್ಲಾಕಿನಲ್ಲಿ ಆ ಅಕ್ಷರವನ್ನು ಕೈಯಿಂದ ಟೈಪ್ ಮಾಡದೆ `$PRPSHEET:"Revision"` ಎಂದು ಕೊಟ್ಟರೆ ಅದು ಮಾಡೆಲ್‌ನಿಂದಲೇ ಬರುತ್ತದೆ; ಮಾಡೆಲ್ ಬಿ, ಡ್ರಾಯಿಂಗ್ ಎ ಎಂಬ ಗೊಂದಲ ಹುಟ್ಟುವುದಿಲ್ಲ. ಸಾಲಿಡ್‌ವರ್ಕ್ಸ್ ಪ್ರೊಫೆಷನಲ್ ಲೈಸೆನ್ಸ್ ಇದ್ದವರಿಗೆ ಪಿಡಿಎಂ ಸ್ಟ್ಯಾಂಡರ್ಡ್ ಎಂಬ ವಾಲ್ಟ್ ಅದರ ಜೊತೆಗೇ ಬರುತ್ತದೆ. ದುಡ್ಡು ಕೊಟ್ಟದ್ದನ್ನು ಮೂಲೆಗಿಟ್ಟು `_new`, `_final`, `_final2` ಎಂದು ಹೆಸರಿಡುತ್ತಾ ಕೂರುವುದು ಯಾವ ಉಳಿತಾಯ?

ವಿರೋಧ: ತಪ್ಪು ಬೀಗದ್ದಲ್ಲ

ಮೇಲಿನ ಉದಾಹರಣೆಯನ್ನೇ ತೆಗೆದುಕೊಳ್ಳಿ. ಎಂ8 ಬೋಲ್ಟ್ 6.6ರ ತೂತಿನಲ್ಲಿ ಹೋಗುವುದಿಲ್ಲ. ಸ್ಟೋರಿನಲ್ಲಿ ಹಳೆಯ ಬ್ರಾಕೆಟ್ 40 ಇವೆ ಎಂದುಕೊಳ್ಳಿ. ಹೊಸದಕ್ಕೂ `BRK-117` ಎಂದೇ ಹೆಸರಿದ್ದರೆ ಎರಡೂ ಒಂದೇ ಡಬ್ಬದಲ್ಲಿ ಬೀಳುತ್ತವೆ. ಫಿಟ್ಟರ್ ಕೈ ಹಾಕಿದಾಗ ಯಾವುದು ಬರುತ್ತದೋ ಅದು. ಒಂದರ ಜಾಗಕ್ಕೆ ಇನ್ನೊಂದು ಕೂರದಿದ್ದರೆ ಅದು ರಿವಿಷನ್ ಅಲ್ಲ, ಹೊಸ ಪಾರ್ಟ್, ಹೊಸ ನಂಬರ್. ಪರ ವಾದಿಸಿದವರು ಬಿ ತಾನಾಗಿ ಬೀಳುತ್ತದೆ ಎಂದು ಹಿಗ್ಗಿದರಲ್ಲ, ಆ ಬಿ ಬೀಳಲೇಬಾರದಿತ್ತು. ವಾಲ್ಟ್ ಇದನ್ನು ಹೇಳುವುದಿಲ್ಲ, ತಪ್ಪನ್ನೇ ಚೊಕ್ಕವಾಗಿ ರಿಲೀಸ್ ಮಾಡಿ ಕೊಡುತ್ತದೆ.

ವಾಲ್ಟಿಗೆ ಅದರದ್ದೇ ಕಾಟವೂ ಉಂಟು. ಚೆಕ್‌ಔಟ್ ಆದ ಫೈಲಿನ ತಿದ್ದುಪಡಿ ಚೆಕ್‌ಇನ್ ಆಗುವವರೆಗೆ ಇರುವುದು ಆ ಒಬ್ಬರ ಕಂಪ್ಯೂಟರಿನಲ್ಲೇ. ಮೂರು ದಿನ ಚೆಕ್‌ಇನ್ ಮಾಡದೆ ಹಾರ್ಡ್ ಡಿಸ್ಕ್ ಕೈಕೊಟ್ಟರೆ ಮೂರು ದಿನದ ಕೆಲಸ ಹೋಯಿತು. ಬ್ಯಾಕಪ್ಪಿಗೆ ಫೈಲುಗಳ ಆರ್ಕೈವ್, ಡೇಟಾಬೇಸ್ ಎರಡನ್ನೂ ಒಟ್ಟಿಗೇ ತೆಗೆಯಬೇಕು. ಒಂದು ಮಾತ್ರ ಉಳಿದರೆ ವಾಲ್ಟ್ ಎದ್ದು ನಿಲ್ಲುವುದಿಲ್ಲ. ಆರು ಜನರಲ್ಲಿ ಇದನ್ನು ನೋಡಿಕೊಳ್ಳಲು ಯಾರಿಗೆ ಪುರುಸೊತ್ತು?

ಫೋಲ್ಡರಿನಲ್ಲೇ ಮಾಡಬಹುದು. ಕೆಲಸದ ಫೋಲ್ಡರ್ ಒಂದು, ರಿಲೀಸ್ ಫೋಲ್ಡರ್ ಇನ್ನೊಂದು. ಎರಡನೆಯದಕ್ಕೆ ಬರೆಯುವ ಅನುಮತಿ ಒಬ್ಬರಿಗೆ ಮಾತ್ರ, ಉಳಿದವರಿಗೆ ಓದಲು. ರಿಲೀಸ್ ದಿನ `Pack and Go`ದಲ್ಲಿ `Include drawings` ಟಿಕ್ ಮಾಡಿ ನಕಲು ಮಾಡುವುದು. ಆಗ ಪಟ್ಟಿಯಲ್ಲಿ `_new` ಇದ್ದರೆ ಕಣ್ಣಿಗೆ ಬೀಳದೆ ಇರದು. ಮಾಡೆಲ್ ಹೆಸರಿಗೆ ರಿವಿಷನ್ ಸೇರಿಸಲೇಬಾರದು, ಸೇರಿಸಿದರೆ ಪ್ರತಿ ಸಲ ರೆಫರೆನ್ಸ್ ಬದಲಾಗುತ್ತದೆ. ಅಕ್ಷರ ಇರಬೇಕಾದ್ದು ಹೊರಗೆ ಹೋಗುವ ಪಿಡಿಎಫ್, ಡಿಎಕ್ಸ್‌ಎಫ್‌ಗಳ ಹೆಸರಿನಲ್ಲಿ: `BRK-117_A.pdf`.

ಬೀಗ ಬೇಕೇ ಬೇಕೆಂದರೆ ಫೈಲುಗಳ ವರ್ಷನ್ ಇಡುವ ಸಬ್‌ವರ್ಷನ್ ಸಾಫ್ಟ್‌ವೇರ್ ಸಾಕು. ಫೈಲನ್ನು ಅದಕ್ಕೆ ಸೇರಿಸಿದ ಮೇಲೆ:

```
svn propset svn:needs-lock "*" BRK-117.SLDPRT
svn commit -m "lock" BRK-117.SLDPRT
svn lock BRK-117.SLDPRT
```

ಮೊದಲೆರಡು ಸಾಲು ಪ್ರತಿ ಫೈಲಿಗೆ ಒಂದೇ ಸಲ, ಮೂರನೆಯದು ತಿದ್ದುವ ಮುನ್ನ ಪ್ರತಿ ಸಲ. ಆಮೇಲೆ ಬೀಗ ಪಡೆಯದವರಿಗೆ ಫೈಲು ರೀಡ್-ಓನ್ಲಿ. ಯಾವ ಅಸೆಂಬ್ಲಿ ಯಾವ ಪಾರ್ಟನ್ನು ಹಿಡಿದಿದೆ ಎಂಬುದು ಮಾತ್ರ ಇದಕ್ಕೆ ತಿಳಿಯದು. ಒಂದೇ ಪಾರ್ಟ್ ಹತ್ತಾರು ಅಸೆಂಬ್ಲಿಗಳಲ್ಲಿ ಇರುವ ಆಫೀಸಾದರೆ ನಮ್ಮ ವಾದ ಅಲ್ಲಿ ಸೋಲುತ್ತದೆ, ಒಪ್ಪಿದೆ. ಆದರೆ ಕಟಿಂಗಿನವರ ವಾಟ್ಸಾಪಿನಲ್ಲಿ ಕೂತಿರುವ ಹಳೆಯ ಪಿಡಿಎಫ್‌ಗೆ ವಾಲ್ಟಿನ ಕೈಯೂ ಎಟುಕುವುದಿಲ್ಲ. ಹೊಸ ಪ್ರಿಂಟ್ ಕೊಡುವಾಗ ಹಳೆಯದನ್ನು ಕೇಳಿ ವಾಪಸ್ ತಂದು, ರಿಜಿಸ್ಟರಿನಲ್ಲಿ ತಾರೀಖು ಬರೆಯುವ ಒಬ್ಬರು ಬೇಕು.