ಶಾವಿಗೆ ಪಾಯಸದ ಲೆಕ್ಕ: ಒಂದು ಸ್ಪಷ್ಟನೆ

"ಒಂದು ಬಟ್ಟಲು ಶಾವಿಗೆ ಪಾಯಸಕ್ಕೆ ಬರೀ 155 ಕ್ಯಾಲೊರಿಯಂತೆ, ಹಾಲಿರೋದ್ರಿಂದ ಪ್ರೋಟೀನೂ ಜಾಸ್ತಿಯಂತೆ, ನಿಜಾನಾ?"

ಅಲ್ಲ. ಆ ಅಂಕಿ ಸುಮಾರು 100 ಗ್ರಾಂ ಪಾಯಸದ್ದು. ನಮ್ಮ ಸಾಗರದ ಮನೆಯ ಬಟ್ಟಲಿಗೆ ಹಿಡಿಯೋದು 200 ಗ್ರಾಂ.

ಮೊನ್ನೆ ತೂಗಿಯೇ ಮಾಡಿದೆ. ಒಂದು ಲೀಟರ್ ಟೋನ್ಡ್ ಹಾಲು 590 ಕ್ಯಾಲೊರಿ, 100 ಗ್ರಾಂ ಶಾವಿಗೆ 350, 150 ಗ್ರಾಂ ಸಕ್ಕರೆ 600, 25 ಗ್ರಾಂ ಗೋಡಂಬಿ 140. ಹುರಿದ 20 ಗ್ರಾಂ ತುಪ್ಪವನ್ನು ಎಲ್ಲರೂ ಮರೆಯುತ್ತಾರೆ, ಅದೇ 180. ಒಟ್ಟು 1860. ಖಾಲಿ ಪಾತ್ರೆಯ ತೂಕ ಮೊದಲೇ ಬರೆದಿಟ್ಟಿದ್ದೆ. ಕುದಿದು ಇಳಿದ ಮೇಲೆ ಪಾಯಸ 1200 ಗ್ರಾಂ, ಅಂದರೆ ಆರು ಬಟ್ಟಲು.

ಹಾಗಾಗಿ ಬಟ್ಟಲಿಗೆ 310 ಕ್ಯಾಲೊರಿ. ಕಾರ್ಬೋಹೈಡ್ರೇಟ್ 46 ಗ್ರಾಂ, ಅದರಲ್ಲಿ 25 ನಾವೇ ಸುರಿದ ಸಕ್ಕರೆ. ಕೊಬ್ಬು 10, ಪ್ರೋಟೀನ್ 8 ಗ್ರಾಂ ಕೂಡ ತುಂಬಲ್ಲ. ಅದನ್ನು ಜಾಸ್ತಿ ಅನ್ನೋದು ಹೇಗೆ? ಶಾವಿಗೆ ಬದಲು ಅಷ್ಟೇ ಅಕ್ಕಿ ಹಾಕಿದರೂ ಲೆಕ್ಕ ಹೆಚ್ಚೇನೂ ಬದಲಾಗಲ್ಲ, ಪ್ರೋಟೀನ್ ಚೂರು ಇಳಿಯುತ್ತೆ.

ಇನ್ನೂ ಕುದಿಸಿ ಗಟ್ಟಿ ಮಾಡಿದರೆ 1000 ಗ್ರಾಮಿಗೆ ಇಳಿಯುತ್ತೆ. ಆಗ ಅದೇ ಬಟ್ಟಲಿಗೆ 372.